ಮಾತ್ರೆ ನುಂಗಿದರೂ ಹೋಗದ ಹುಳುಕಡ್ಡಿ: ಕೋರ್ಸ್ ಎಲ್ಲಿ ಕೈಕೊಡುತ್ತದೆ, ವೈದ್ಯರು ಏನು ಬದಲಿಸುತ್ತಾರೆ

ಚರ್ಮದ ಬಗ್ಗೆ ಬರೆಯುವ ನನಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವರ್ಷವಿಡೀ ನಿಲ್ಲುವುದಿಲ್ಲ. "ಹುಳುಕಡ್ಡಿಗೆ ಡಾಕ್ಟರು ಕೊಟ್ಟ ಮಾತ್ರೆ ಪೂರ್ತಿ ಮುಗಿಸಿದೆ, ಸ್ವಲ್ಪ ಕಡಿಮೆಯಾಯಿತು, ನಿಲ್ಲಿಸಿದ ಮೇಲೆ ಮೊದಲಿಗಿಂತ ಜಾಸ್ತಿ ಹರಡಿದೆ. ಈಗೇನು ಮಾಡಲಿ?" ಕೆಲವರು ಹುಳುಕಡ್ಡಿ ಅನ್ನುತ್ತಾರೆ, ಕೆಲವರು ಗಜಕರ್ಣ. ತೊಡೆಸಂದಿಯಲ್ಲಿ ಶುರುವಾಗಿ ಪೃಷ್ಠ, ಸೊಂಟ, ಹೊಟ್ಟೆ, ಕಂಕುಳಿನವರೆಗೆ ಹರಡಿರುವ ದೊಡ್ಡವರಿಗಾಗಿ ಈ ಬರಹ. ಮಕ್ಕಳ ತಲೆಯಲ್ಲಿ ಬರುವ ಹುಳುಕಡ್ಡಿಗೆ ಚಿಕಿತ್ಸೆಯೇ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ.

ಮೊದಲೇ ಒಂದು ಮಾತು. ಇಲ್ಲಿರುವ ಪ್ರಮಾಣಗಳು ನಿಮ್ಮ ಚೀಟಿಯಲ್ಲಿ ಬರೆದಿರುವುದು ನಿಮಗೆ ಅರ್ಥವಾಗಲಿ ಎಂದು ಕೊಟ್ಟಿರುವವು. ಇದನ್ನು ನೋಡಿಕೊಂಡು ಮೆಡಿಕಲ್ ಶಾಪಿನಲ್ಲಿ ನೇರವಾಗಿ ಮಾತ್ರೆ ಕೇಳಬೇಡಿ. ಯಾಕೆ ಅನ್ನುವುದು ನಾಲ್ಕನೇ ಹಂತಕ್ಕೆ ಬರುವಷ್ಟರಲ್ಲಿ ಗೊತ್ತಾಗುತ್ತದೆ.

ಹಿಂದೆ ವಾಸಿಯಾಗುತ್ತಿದ್ದದ್ದು ಈಗ ಯಾಕೆ ಆಗುತ್ತಿಲ್ಲ

ಹುಳುಕಡ್ಡಿಯಲ್ಲಿ ಹುಳ ಇರುವುದಿಲ್ಲ. ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಫಂಗಸ್ ಅದು. ಹಳೆಯ ಪುಸ್ತಕಗಳ ಪ್ರಕಾರ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ ಎರಡರಿಂದ ನಾಲ್ಕು ವಾರ ತೆಗೆದುಕೊಂಡರೆ ಸಾಕಿತ್ತು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹರಡಿರುವ ಫಂಗಸ್ ಮಾತ್ರ ಬೇರೆ ಬಗೆಯದು. 2020ರಲ್ಲಿ ವಿಜ್ಞಾನಿಗಳು ಇದಕ್ಕೆ ಟ್ರೈಕೊಫೈಟಾನ್ ಇಂಡೋಟೀನಿಯೆ ಎಂಬ ಹೆಸರು ಕೊಟ್ಟರು. ಹೆಸರಿನಲ್ಲೇ ಭಾರತ ಸೇರಿಕೊಂಡಿದೆ, ಹೆಮ್ಮೆಪಡುವಂಥದ್ದೇನೂ ಅಲ್ಲ.

ಫಂಗಸ್ ತನ್ನ ಜೀವಕೋಶದ ಪೊರೆಯನ್ನು ಕಟ್ಟಿಕೊಳ್ಳಲು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಹಲವು ಹಂತಗಳಲ್ಲಿ ತಯಾರಿಸಿಕೊಳ್ಳುತ್ತದೆ. ಅದರ ಆರಂಭದ ಒಂದು ಹಂತದಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವ ಕೆಲಸ ಮಾಡುತ್ತದೆ. ಟರ್ಬಿನಾಫಿನ್ ಹಿಡಿದು ನಿಲ್ಲಿಸುವುದು ಇದೇ ಕಿಣ್ವವನ್ನು. ಹೊಸ ಫಂಗಸ್ಸಿನ ಅನೇಕ ತಳಿಗಳಲ್ಲಿ ಈ ಕಿಣ್ವದ ರಚನೆ ಒಂದು ಕಡೆ ಬದಲಾಗಿದೆ. 397ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಮಾತ್ರೆಗೆ ಹಿಡಿತ ಸಿಗುವುದಿಲ್ಲ. ಇಟ್ರಾಕೊನಜೋಲ್ ಅದೇ ತಯಾರಿಕೆಯ ಮುಂದಿನ ಬೇರೊಂದು ಹಂತವನ್ನು ತಡೆಯುತ್ತದೆ. ಹಾಗಾಗಿ ಟರ್ಬಿನಾಫಿನ್‌ಗೆ ಬಗ್ಗದ ಫಂಗಸ್ ಸಾಮಾನ್ಯವಾಗಿ ಇದಕ್ಕೆ ಬಗ್ಗುತ್ತದೆ.

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು 200 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಾಲ್ಕು ಬೇರೆ ಬೇರೆ ಮಾತ್ರೆ ಕೊಟ್ಟು ನೋಡಿದ್ದರು. ಎಂಟು ವಾರದ ಹೊತ್ತಿಗೆ ವಾಸಿಯಾದವರು ಇಟ್ರಾಕೊನಜೋಲ್ ಗುಂಪಿನಲ್ಲಿ 66%, ಫ್ಲೂಕೊನಜೋಲ್‌ನಲ್ಲಿ 42%, ಟರ್ಬಿನಾಫಿನ್‌ನಲ್ಲಿ 28%, ಗ್ರೀಸಿಯೊಫಲ್ವಿನ್‌ನಲ್ಲಿ 14%. ಈ ಅಂಕಿಗಳನ್ನು ಎರಡು ರೀತಿ ಓದಬೇಕು. ಇಟ್ರಾಕೊನಜೋಲ್ ಎಲ್ಲಕ್ಕಿಂತ ಮುಂದಿದೆ, ನಿಜ. ಆದರೆ ಎಂಟು ವಾರ ಅದನ್ನು ನುಂಗಿದವರಲ್ಲೂ ಮೂವರಲ್ಲಿ ಒಬ್ಬರಿಗೆ ವಾಸಿಯಾಗಿರಲಿಲ್ಲ. ಅಂದರೆ ಬರೀ ಮಾತ್ರೆಯ ಹೆಸರು ಬದಲಿಸಿದರೆ ಕೆಲಸ ಮುಗಿಯುವುದಿಲ್ಲ.

1. ಇಲ್ಲಿಯವರೆಗೆ ಹಚ್ಚಿದ್ದು, ನುಂಗಿದ್ದು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ

ವೈದ್ಯರ ಬಳಿ ಹೋಗುವ ಮುನ್ನ ಮನೆಯಲ್ಲಿರುವ ಹಳೆಯ ಟ್ಯೂಬ್, ಖಾಲಿ ಸ್ಟ್ರಿಪ್, ಚೀಟಿಗಳನ್ನೆಲ್ಲ ಒಟ್ಟುಮಾಡಿ. "ಯಾವುದೋ ಬಿಳಿ ಕ್ರೀಮು" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಮಾತ್ರೆ, ಎಷ್ಟು ದಿನ, ನಡುವೆ ಎಷ್ಟು ದಿನ ತಪ್ಪಿತು ಅನ್ನುವುದನ್ನು ಹೇಳುವಾಗ ಸಂಕೋಚ ಬೇಡ. ಎರಡು ವಾರ ನುಂಗಿ ತುರಿಕೆ ನಿಂತಿತೆಂದು ಬಿಟ್ಟವರಿಗೂ, ಆರು ವಾರ ತಪ್ಪದೆ ನುಂಗಿದರೂ ಜಗ್ಗದವರಿಗೂ ಮುಂದಿನ ದಾರಿ ಬೇರೆ ಬೇರೆ. ಮೊದಲನೆಯದು ಅರ್ಧಕ್ಕೆ ನಿಂತ ಚಿಕಿತ್ಸೆ, ಎರಡನೆಯದು ಔಷಧಕ್ಕೆ ಬಗ್ಗದ ಫಂಗಸ್ ಇರಬಹುದು.

ಆ ಚೀಲದಲ್ಲಿ ಗ್ಯಾಸ್ಟ್ರಿಕ್, ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮಾತ್ರೆಗಳೂ ಇರಲಿ. ಇದನ್ನು ಮರೆಯುವವರೇ ಹೆಚ್ಚು.

2. ಸ್ಟೀರಾಯ್ಡ್ ಬೆರೆತ ಕ್ರೀಮ್ ನಿಲ್ಲಿಸಿ

ಈ ರೋಗ ಇಷ್ಟು ಹಟಮಾರಿಯಾಗಲು ದೊಡ್ಡ ಕಾರಣ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೊಬೆಟಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಎಂದರ್ಥ. ಒಂದೇ ಟ್ಯೂಬಿನಲ್ಲಿ ಫಂಗಸ್ ಔಷಧ, ಆಂಟಿಬಯಾಟಿಕ್, ಸ್ಟೀರಾಯ್ಡ್ ಮೂರೂ ಸೇರಿಸಿರುತ್ತಾರೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ, ಕೆಂಪು ಮಾಯ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸಿರುತ್ತದೆ, ಜೊತೆಗೆ ಚರ್ಮದ ಪ್ರತಿರೋಧವನ್ನೂ ಅಡಗಿಸಿರುತ್ತದೆ. ಒಳಗೆ ಫಂಗಸ್ ಆರಾಮಾಗಿ ಹರಡುತ್ತಿರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನೇಕ ಸ್ಟೀರಾಯ್ಡ್ ಕ್ರೀಮ್‌ಗಳನ್ನು ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದು ನಿಮಗೇ ಗೊತ್ತು.

ಸ್ಟೀರಾಯ್ಡ್ ಕೆಲಸ ಮಾಡಿರುವುದನ್ನು ಚರ್ಮ ನೋಡಿಯೇ ಗುರುತಿಸಬಹುದು. ಮಾಮೂಲಿ ಹುಳುಕಡ್ಡಿಯಲ್ಲಿ ಅಂಚು ಉಬ್ಬಿ, ಸಿಪ್ಪೆ ಏಳುತ್ತಿದ್ದು, ನಡುಭಾಗ ತಿಳಿಯಾಗಿರುತ್ತದೆ. ಸ್ಟೀರಾಯ್ಡ್ ಹಚ್ಚಿದ ಕಡೆ ಒಂದು ಉಂಗುರದೊಳಗೆ ಇನ್ನೊಂದು ಉಂಗುರ ಏಳುತ್ತದೆ, ಅಥವಾ ಉಂಗುರದ ಆಕಾರವೇ ಅಳಿಸಿಹೋಗಿ ಬರೀ ಮಸುಕಾದ ಕಂದು ಪಟ್ಟೆ ಉಳಿಯುತ್ತದೆ. ತೊಡೆಸಂದಿಯಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಮೂಡಿದ್ದರೆ ತುಂಬ ದಿನ ಹಚ್ಚಿದ್ದೀರಿ ಎಂದು ತಿಳಿಯಬೇಕು. ಆ ಗೆರೆಗಳು ಮತ್ತೆ ಪೂರ್ತಿ ಹೋಗುವುದಿಲ್ಲ.

ಎಚ್ಚರ: ಕ್ರೀಮ್ ನಿಲ್ಲಿಸಿದ ಮೊದಲ ಕೆಲವು ದಿನ ಕೆಂಪು, ತುರಿಕೆ ಜಾಸ್ತಿಯಾಗುತ್ತದೆ. "ಹೊಸ ಔಷಧ ಆಗಿಬರಲಿಲ್ಲ" ಎಂದು ಬಹಳ ಮಂದಿ ಹಳೆಯ ಟ್ಯೂಬಿಗೇ ಮರಳುವುದು ಇಲ್ಲೇ. ತುರಿಕೆ ತಗ್ಗಿಸುವ ಮಾತ್ರೆಯನ್ನು ವೈದ್ಯರು ಆ ದಿನಗಳಿಗೆಂದೇ ಕೊಡುತ್ತಾರೆ. ಇನ್ನು ಬಾಯಿಯಿಂದ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ಮೈತುಂಬಾ ಹಚ್ಚಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರಿಗೆ ಹೇಳಿ, ಅವರು ಹೇಳಿದಂತೆ ಇಳಿಸಿ.

3. ಹೆರೆದು ನೋಡುವ ಪರೀಕ್ಷೆ

ಎರಡು ಕೋರ್ಸ್ ಕೈಕೊಟ್ಟಿದ್ದರೆ ಮೂರನೆಯದಕ್ಕೆ ಮೊದಲು ಇದು ಫಂಗಸ್ಸೇ ಹೌದೋ ಎಂದು ಖಚಿತಪಡಿಸಿಕೊಳ್ಳಬೇಕು. ಕಲೆಯ ಅಂಚಿನಿಂದ ಸಿಪ್ಪೆಯನ್ನು ಮೊಂಡು ಬ್ಲೇಡಿನಿಂದ ಹೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೀಟಿಯಲ್ಲಿ ಇದನ್ನು ಕೆಒಎಚ್ ಎಂದು ಬರೆದಿರುತ್ತಾರೆ. ನೋವಿಲ್ಲ, ಖರ್ಚು ಕಡಿಮೆ, ಫಲಿತಾಂಶ ಅಂದೇ ಸಿಗುತ್ತದೆ. ಹೋಗುವ ದಿನ ಕ್ರೀಮ್, ಪೌಡರ್ ಹಚ್ಚಬೇಡಿ. ಫಂಗಸ್ ಕ್ರೀಮನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಫೋನಿನಲ್ಲೇ ಕೇಳಿಕೊಳ್ಳಿ. ಔಷಧ ಹಚ್ಚಿದ ಚರ್ಮದಲ್ಲಿ ಫಂಗಸ್ ಇದ್ದರೂ ಕಣ್ಣಿಗೆ ಬೀಳದಿರಬಹುದು.

ಸೋರಿಯಾಸಿಸ್, ಎಕ್ಸಿಮಾ ಸಹ ಉಂಗುರದಂತೆ ಕಾಣುತ್ತವೆ. ತುರಿಕೆಯೇ ಇಲ್ಲದೆ, ಮುಟ್ಟಿದರೆ ಸ್ಪರ್ಶ ಮಂದವಾಗಿರುವ ಉಂಗುರವಾದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು.

ಫಂಗಸ್ಸನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಎರಡರಿಂದ ನಾಲ್ಕು ವಾರ ಬೇಕು. ಯಾವ ಮಾತ್ರೆಗೆ ಬಗ್ಗುತ್ತದೆ ಎಂದು ನೋಡುವ ಸೂಕ್ಷ್ಮತೆ ಪರೀಕ್ಷೆ ಕೆಲವು ದೊಡ್ಡ ಮೆಡಿಕಲ್ ಕಾಲೇಜುಗಳಲ್ಲಿ ಮಾತ್ರ ಇದೆ. ಎಲ್ಲರಿಗೂ ಅದು ಬೇಕಿಲ್ಲ. ಇಟ್ರಾಕೊನಜೋಲ್ ಸರಿಯಾಗಿ ತೆಗೆದುಕೊಂಡೂ ವಾಸಿಯಾಗದವರಿಗೆ ಬೇಕು.

ಇದೇ ಭೇಟಿಯಲ್ಲಿ ಲಿವರ್ ಪರೀಕ್ಷೆಗೂ ಸಕ್ಕರೆ ಪರೀಕ್ಷೆಗೂ ರಕ್ತ ಕೊಡಿ. ಗೊತ್ತಾಗದೆ ಉಳಿದ ಡಯಾಬಿಟಿಸ್ ಹುಳುಕಡ್ಡಿಯ ನೆಪದಲ್ಲಿ ಸಿಕ್ಕಿಬೀಳುವುದುಂಟು. ಕಾಲಿನ ಉಗುರು ದಪ್ಪವಾಗಿ ಹಳದಿಯಾಗಿದ್ದರೆ ಸಾಕ್ಸ್ ತೆಗೆದು ತೋರಿಸಿ. ಉಗುರಿನಲ್ಲಿ ಫಂಗಸ್ ಇದ್ದರೆ ಅಲ್ಲಿಂದಲೇ ಮತ್ತೆ ಮತ್ತೆ ತೊಡೆಸಂದಿಗೆ ಬರುತ್ತಿರುತ್ತದೆ.

4. ಮಾತ್ರೆ ಬದಲಾದಾಗ ಅದನ್ನು ನುಂಗುವ ಕ್ರಮ

ಟರ್ಬಿನಾಫಿನ್ ಕೈಕೊಟ್ಟವರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಇಟ್ರಾಕೊನಜೋಲ್, ದಿನಕ್ಕೆ ಒಟ್ಟು 200 ಮಿಲಿಗ್ರಾಂ, ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಒಳ್ಳೆಯ ಮಾತ್ರೆಯೇ, ಆದರೆ ನಾಜೂಕಿನದು. ಹೊಟ್ಟೆಯಲ್ಲಿ ಆಮ್ಲ ಇಲ್ಲದಿದ್ದರೆ, ಊಟ ಇಲ್ಲದಿದ್ದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾಮೂಲಿ ಕ್ಯಾಪ್ಸೂಲನ್ನು ಬೆಳಗಿನ ಕಾಫಿಯ ಜೊತೆ ನುಂಗಿದರೆ ಅರ್ಧ ವ್ಯರ್ಥ. ಹೊಟ್ಟೆತುಂಬಾ ಊಟ ಮಾಡಿ ಎದ್ದ ತಕ್ಷಣ ನುಂಗಬೇಕು. ಮುದ್ದೆಯಾದರೂ ಸರಿ, ರೊಟ್ಟಿಯಾದರೂ ಸರಿ, ಅನ್ನವಾದರೂ ಸರಿ.

ಕೋರ್ಸುಗಳು ಗುಟ್ಟಾಗಿ ಸೋಲುವುದು ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ನುಂಗುವುದು ನಮ್ಮಲ್ಲಿ ಹಲ್ಲುಜ್ಜುವಷ್ಟೇ ಸಹಜವಾಗಿಬಿಟ್ಟಿದೆ. ಪ್ಯಾಂಟೊಪ್ರಜೋಲ್ ದಿನವಿಡೀ ಆಮ್ಲ ತಗ್ಗಿಸುತ್ತದೆ, ಹೀಗಾಗಿ ಎರಡು ಗಂಟೆ ಬಿಟ್ಟು ನುಂಗಿದರೂ ಇಟ್ರಾಕೊನಜೋಲ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಡೊಂಪೆರಿಡೋನ್ ಇನ್ನೂ ಅಪಾಯ. ಇಟ್ರಾಕೊನಜೋಲ್ ಜೊತೆ ಸೇರಿದರೆ ಹೃದಯದ ಬಡಿತದ ಲಯ ಕೆಡಬಹುದು, ಇವೆರಡನ್ನು ಜೊತೆಗೆ ಕೊಡಲೇಬಾರದು. ಹೊಟ್ಟೆಯುರಿಗೆ ಕುಡಿಯುವ ಬಿಳಿ ಆಂಟಾಸಿಡ್ ಸಿರಪ್ ಆದರೆ ಬೇರೆ ಮಾತು, ಕ್ಯಾಪ್ಸೂಲ್ ನುಂಗಿ ಎರಡು ಗಂಟೆಯ ನಂತರ ಕುಡಿಯಬಹುದು. ಆಮ್ಲ ತಗ್ಗಿಸುವ ಮಾತ್ರೆ ಬಿಡಲಾಗದವರಿಗೆ ಕ್ಯಾಪ್ಸೂಲನ್ನು ಕೋಲಾದಂಥ ಹುಳಿ ಪಾನೀಯದೊಂದಿಗೆ ನುಂಗಲು ಹೇಳುತ್ತಾರೆ, ಅಥವಾ ಆಮ್ಲವನ್ನು ಅಷ್ಟಾಗಿ ಅವಲಂಬಿಸದ ಸೂಪರ್ ಬಯೋಅವೈಲಬಲ್ ಬಗೆಯನ್ನು ಬರೆಯುತ್ತಾರೆ. ಆ ಬಗೆಯಲ್ಲಿ 50 ಮಿಲಿಗ್ರಾಂ ಎಂದರೆ ಹಳೆಯ ಕ್ಯಾಪ್ಸೂಲಿನ 100ಕ್ಕೆ ಸಮ. ಡೋಸ್ ಕಡಿಮೆ ಕೊಟ್ಟಿದ್ದಾರೆ ಎಂದುಕೊಂಡು ಎರಡೆರಡು ನುಂಗಬೇಡಿ.

ಕಂಪನಿಯೂ ಮುಖ್ಯ. ಕ್ಯಾಪ್ಸೂಲ್ ಬಿಡಿಸಿ ನೋಡಿದರೆ ಒಳಗೆ ಸಣ್ಣ ಸಣ್ಣ ಗುಂಡುಗಳಿರುತ್ತವೆ, ಔಷಧ ಅವುಗಳ ಮೇಲೆ ಲೇಪವಾಗಿರುತ್ತದೆ. ಗುಂಡಿನ ಗಾತ್ರ, ಸಂಖ್ಯೆ, ಲೇಪದ ಗುಣಮಟ್ಟ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. "ಅದೇ ಮಾತ್ರೆ, ಬೇರೆ ಕಂಪನಿ" ಎಂದು ಅಂಗಡಿಯವರು ಕೊಟ್ಟರೆ ವೈದ್ಯರಿಗೆ ಒಮ್ಮೆ ತೋರಿಸಿ.

ಯಾರು ಇದನ್ನು ನುಂಗಬಾರದು ಎಂಬುದನ್ನು ನಿಧಾನವಾಗಿ ಓದಿ. ಹೃದಯ ವೈಫಲ್ಯ ಇರುವವರು, ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ನುಂಗಬಾರದು. ಲಿವರ್ ತೊಂದರೆಯಿರುವವರಿಗೆ ವೈದ್ಯರು ಅಳೆದು ತೂಗಿ ನಿರ್ಧರಿಸುತ್ತಾರೆ. ಕೊಲೆಸ್ಟರಾಲ್‌ಗೆ ಸಿಮ್ವಸ್ಟಾಟಿನ್ ತೆಗೆದುಕೊಳ್ಳುವವರಿಗೆ ಇದು ಕೂಡದು, ಅಟೊರ್ವಸ್ಟಾಟಿನ್ ಆದರೂ ವೈದ್ಯರಿಗೆ ಗೊತ್ತಿರಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್, ಮೈಗ್ರೇನಿನ ಎರ್ಗೊಟಮಿನ್ ಮಾತ್ರೆ, ಕೆಲವು ನಿದ್ದೆಮಾತ್ರೆ, ಬಿಪಿಯ ಅಮ್ಲೊಡಿಪಿನ್, ಇವುಗಳ ಜೊತೆಗೂ ತಿಕ್ಕಾಟವಿದೆ. ಮೊದಲ ಹಂತದಲ್ಲಿ ಚೀಲ ತುಂಬಿಸಿ ಎಂದದ್ದು ಇದಕ್ಕೇ. ಕೋರ್ಸ್ ನಡುವೆ ಮೂತ್ರ ಗಾಢ ಹಳದಿಯಾದರೆ, ಊಟ ಸೇರದೆ ವಾಕರಿಕೆ ಬಂದರೆ, ಕಾಲು ಊದಿದರೆ, ಏದುಸಿರು ಬಂದರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ.

5. ಕ್ರೀಮನ್ನು ಅಳತೆಯಿಂದ ಹಚ್ಚಿ

ಮಾತ್ರೆ ನಡೆಯುತ್ತಿರುವಾಗಲೂ ಸ್ಟೀರಾಯ್ಡ್ ಇಲ್ಲದ ಫಂಗಸ್ ಕ್ರೀಮ್ ಬೇಕು. ಎಷ್ಟು ಹಚ್ಚಬೇಕೆಂಬುದಕ್ಕೆ ಸುಲಭ ಲೆಕ್ಕ ಇದೆ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ, ಅದು ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನಿಮ್ಮ ಕಲೆಗಳೆಲ್ಲ ಸೇರಿ ಹತ್ತು ಅಂಗೈಯಷ್ಟಿದ್ದರೆ ಒಂದು ಸಲಕ್ಕೆ ಎರಡೂವರೆ ಗ್ರಾಂ, ದಿನಕ್ಕೆ ಎರಡು ಸಲ ಹಚ್ಚಿದರೆ ಐದು ಗ್ರಾಂ. 30 ಗ್ರಾಂ ಟ್ಯೂಬ್ ಆರು ದಿನಕ್ಕೆ ಮುಗಿಯಬೇಕು. ಒಂದು 10 ಗ್ರಾಂ ಟ್ಯೂಬನ್ನು ತಿಂಗಳಿಡೀ ತೀಡಿದವರು "ಕ್ರೀಮ್ ಕೆಲಸ ಮಾಡಲಿಲ್ಲ" ಎಂದರೆ ತಪ್ಪು ಕ್ರೀಮಿನದಲ್ಲ. ದಿನಕ್ಕೊಮ್ಮೆ ಸಾಕಾಗುವ ಕ್ರೀಮ್‌ಗಳೂ ಇವೆ, ಇಷ್ಟು ಜಾಗ ಹರಡಿರುವವರಿಗೆ ಖರ್ಚಿನ ದೃಷ್ಟಿಯಿಂದ ಕೇಳಿ ನೋಡಿ.

ಹಚ್ಚುವಾಗ ಕಲೆಯ ಹೊರಗೆ ಎರಡು ಸೆಂಟಿಮೀಟರ್ ದಾಟಿಸಿ ಹಚ್ಚಬೇಕು. ಕಣ್ಣಿಗೆ ಸರಿಯಾಗಿ ಕಾಣುವ ಚರ್ಮದಲ್ಲೂ ಫಂಗಸ್ ಅಷ್ಟು ದೂರ ಸಾಗಿರುತ್ತದೆ.

6. ಮನೆಮಂದಿ, ಬಟ್ಟೆ, ಉಡಿದಾರ

ಗಂಡನಿಗೆ ವಾಸಿಯಾಗುವಷ್ಟರಲ್ಲಿ ಹೆಂಡತಿಗೆ, ಅವಳಿಗೆ ವಾಸಿಯಾಗುವಷ್ಟರಲ್ಲಿ ಮತ್ತೆ ಗಂಡನಿಗೆ. ಇದಕ್ಕೆ ಕೊನೆ ಹಾಡಬೇಕಾದರೆ ಮನೆಯಲ್ಲಿ ತುರಿಕೆ ಇರುವವರೆಲ್ಲರೂ ಒಂದೇ ಸಲಕ್ಕೆ ತೋರಿಸಿ ಚಿಕಿತ್ಸೆ ಶುರುಮಾಡಬೇಕು. ಟವೆಲ್, ಲುಂಗಿ, ಹಾಸಿಗೆ ಬಟ್ಟೆ ಬೇರೆ ಬೇರೆ ಇರಲಿ.

ಸೊಂಟದ ಉಡಿದಾರ ತೆಗೆಯಿರಿ. ಬೆವರು ಹೀರಿ ಸದಾ ಒದ್ದೆಯಿರುವ ಆ ದಾರದಲ್ಲಿ ಫಂಗಸ್ ಉಳಿದುಕೊಳ್ಳುತ್ತದೆ, ಅದರ ಗುಂಟವೇ ಸೊಂಟದ ಸುತ್ತ ಕಲೆ ಓಡಿರುವುದನ್ನು ನೋಡಬಹುದು. ಸಂಪ್ರದಾಯದ ಕಾರಣಕ್ಕೆ ಪೂರ್ತಿ ತೆಗೆಯಲು ಮನಸ್ಸಾಗದವರು ಚಿಕಿತ್ಸೆ ಮುಗಿದ ಮೇಲೆ ಹೊಸದು ಕಟ್ಟಿಕೊಳ್ಳಿ. ಹೆಂಗಸರಲ್ಲಿ ಲಂಗದ ಲಾಡಿ ಬಿಗಿಯುವ ಜಾಗದಲ್ಲೂ ಇದೇ ಕಥೆ.

ಒಳಬಟ್ಟೆ, ಟವೆಲ್‌ಗಳನ್ನು 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಹೊಲಿಗೆಯ ಜಾಗ ಪೂರ್ತಿ ಒಣಗುವವರೆಗೆ ಇಸ್ತ್ರಿ ಮಾಡಿ. ಅರೆಒದ್ದೆ ಬಟ್ಟೆ ಹಾಕಿಕೊಳ್ಳುವುದು, ಬಿಗಿ ಜೀನ್ಸ್ ಹಾಕಿ ಇಡೀ ದಿನ ಬೈಕಿನಲ್ಲಿ ಓಡಾಡುವುದು ಎರಡೂ ಬೇಡ.

7. ಎಲ್ಲಿ ನಿಲ್ಲಿಸಬೇಕು: ಒಂದು ಉದಾಹರಣೆ

ಬೇಕರಿಯ ಒಲೆ ಮುಂದೆ ನಿಂತು ಕೆಲಸ ಮಾಡುವ 36 ವರ್ಷದ ಒಬ್ಬರನ್ನು ಊಹಿಸಿಕೊಳ್ಳಿ. ಮೊದಲು ಅಂಗಡಿಯ ಮೂರು ಔಷಧ ಬೆರೆತ ಕ್ರೀಮ್, ಆಮೇಲೆ ಟರ್ಬಿನಾಫಿನ್ ಎರಡು ವಾರ, ಮತ್ತೆ ನಾಲ್ಕು ವಾರ. ಕಲೆ ತೊಡೆಸಂದಿ, ಪೃಷ್ಠ, ಸೊಂಟಕ್ಕೆ ಹರಡಿದೆ, ದಿನಾ ಬೆಳಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ಬೇರೆ. ಹೆಂಡತಿಗೂ ಸೊಂಟದಲ್ಲಿ ತುರಿಕೆ.

ವೈದ್ಯರು ಕೆಒಎಚ್ ಮಾಡಿದಾಗ ಫಂಗಸ್ ಕಾಣುತ್ತದೆ, ಲಿವರ್ ಪರೀಕ್ಷೆ ಸರಿಯಿದೆ. ಸ್ಟೀರಾಯ್ಡ್ ಕ್ರೀಮ್ ನಿಲ್ಲುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ಅಭ್ಯಾಸಕ್ಕೆ ನುಂಗುತ್ತಿದ್ದದ್ದು, ಅದೂ ನಿಲ್ಲುತ್ತದೆ. ಇಟ್ರಾಕೊನಜೋಲ್ 100 ಮಿಲಿಗ್ರಾಂ ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಕೂಡಲೇ, ಜೊತೆಗೆ ಸಾದಾ ಫಂಗಸ್ ಕ್ರೀಮ್. ಹೆಂಡತಿಗೂ ಅವರ ಆರೋಗ್ಯ ನೋಡಿಕೊಂಡು ಅದೇ ದಿನ ಚಿಕಿತ್ಸೆ ಶುರು.

ಮೊದಲ ವಾರ ತುರಿಕೆ ಹೆಚ್ಚುತ್ತದೆ, ಆಮೇಲೆ ಇಳಿಯುತ್ತದೆ. ನಾಲ್ಕನೇ ವಾರಕ್ಕೆ ತುರಿಕೆ ಇಲ್ಲವೇ ಇಲ್ಲ. ಅನೇಕರು ಮಾತ್ರೆ ಬಿಡುವುದು ಈ ದಿನವೇ. ಇವರು ತೋರಿಸಲು ಹೋಗುತ್ತಾರೆ. ಪೃಷ್ಠದ ಒಂದು ಅಂಚಿನಲ್ಲಿ ತೆಳು ಸಿಪ್ಪೆ ಉಳಿದಿದೆ, ಹೆರೆದು ನೋಡಿದರೆ ಫಂಗಸ್ ಇನ್ನೂ ಇದೆ. ಲಿವರ್ ಪರೀಕ್ಷೆ ಮತ್ತೊಮ್ಮೆ ಮಾಡಿ ಮಾತ್ರೆ ಮುಂದುವರಿಸುತ್ತಾರೆ. ಎಂಟನೇ ವಾರ ಉಬ್ಬು ಇಲ್ಲ, ಸಿಪ್ಪೆ ಇಲ್ಲ, ಕೆಒಎಚ್‌ನಲ್ಲಿ ಫಂಗಸ್ ಇಲ್ಲ. ಮಾತ್ರೆ ನಿಲ್ಲುತ್ತದೆ, ಕ್ರೀಮ್ ಮಾತ್ರ ಇನ್ನೆರಡು ವಾರ. ಹತ್ತನೇ ವಾರವೂ ಚಪ್ಪಟೆಯಾದ ಕಪ್ಪು ಕಲೆ ಉಳಿದಿರುತ್ತದೆ. ಅದು ರೋಗವಲ್ಲ, ಉರಿಯೂತ ಬಿಟ್ಟುಹೋದ ಬಣ್ಣ. ತಿಂಗಳುಗಳಲ್ಲಿ ತಾನೇ ಮಾಸುತ್ತದೆ. ಅದನ್ನು ಬೆಳ್ಳಗೆ ಮಾಡಲು ಹೋಗಿ ಮತ್ತೆ ಸ್ಟೀರಾಯ್ಡ್ ಕ್ರೀಮ್ ಹಚ್ಚಿದರೆ ಎಲ್ಲವೂ ಮೊದಲಿನಿಂದ.

8. ಇಟ್ರಾಕೊನಜೋಲ್ ಸಹ ಕೈಕೊಟ್ಟರೆ

ಡೋಸ್ ದುಪ್ಪಟ್ಟು ಮಾಡುವುದರಿಂದ ದೊಡ್ಡ ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಬಹುದು. ವೈದ್ಯರು ಮೊದಲು ಊಟ, ಗ್ಯಾಸ್ಟ್ರಿಕ್ ಮಾತ್ರೆ, ಕಂಪನಿ, ಮನೆಮಂದಿಯ ಲೆಕ್ಕವನ್ನು ಮತ್ತೊಮ್ಮೆ ತೆಗೆಯುತ್ತಾರೆ. ಎಲ್ಲ ಸರಿಯಿದ್ದೂ ವಾಸಿಯಾಗದಿದ್ದರೆ ಕಲ್ಚರ್ ಮತ್ತು ಸೂಕ್ಷ್ಮತೆ ಪರೀಕ್ಷೆಗೆ ಕಳಿಸುತ್ತಾರೆ. ವೊರಿಕೊನಜೋಲ್‌ನಂಥ ಮಾತ್ರೆಗಳು ಆ ಫಲಿತಾಂಶ ಕೈಗೆ ಬಂದ ಮೇಲಿನ ಮಾತು, ಅದೂ ಅಪರೂಪಕ್ಕೆ, ದೊಡ್ಡ ಆಸ್ಪತ್ರೆಯ ನಿಗಾದಲ್ಲಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಸೂಚನೆ. 2023ರಲ್ಲಿ ನ್ಯೂಯಾರ್ಕಿನಲ್ಲೂ ಈ ಫಂಗಸ್ ಪತ್ತೆಯಾದ ವರದಿ ಬಂತು. ಆದರೂ ಅಲ್ಲಿನ ಎಲ್ಲ ವೈದ್ಯರಿಗೂ ಇದರ ಪರಿಚಯ ಇರಲಾರದು, ಮೊದಲು ಟರ್ಬಿನಾಫಿನ್ನೇ ಕೊಡಬಹುದು. ಊರಿಗೆ ಹೋಗಿ ಬಂದದ್ದನ್ನೂ ಇಲ್ಲಿಂದ ಒಯ್ದ ಟ್ಯೂಬನ್ನೂ ತೋರಿಸಿ ಹೇಳಿ.

ಮಾತ್ರೆ ನಿಂತ ಮೇಲೆ ಮೊದಲ ಎರಡು-ಮೂರು ತಿಂಗಳು ವಾರಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ತೊಡೆಸಂದಿ, ಸೊಂಟ, ಕಂಕುಳು ನೋಡಿಕೊಳ್ಳಿ. ಪೃಷ್ಠಕ್ಕೆ ಕನ್ನಡಿ ಬೇಕು. ಉಬ್ಬಿದ, ಸಿಪ್ಪೆ ಏಳುವ, ತುರಿಸುವ ಅಂಚು ನಾಣ್ಯದಷ್ಟು ಕಂಡರೂ ಉಳಿದಿರುವ ಕ್ಯಾಪ್ಸೂಲ್ ನುಂಗದೆ, ಏನನ್ನೂ ಹಚ್ಚದೆ, ಆ ವಾರದಲ್ಲೇ ಹೆರೆಸಿ ನೋಡಿಸಿ.